ಮುರಿದು ಒಳಗುಳಿದ ಮುಳ್ಳು: ಉರಿಯೂತ ಹಳತಾಗುವುದು ಹೇಗೆ

ಫಾರ್ಮಲಿನ್ ಡಬ್ಬಿಯಲ್ಲಿ ಒಂದು ತುಣುಕು ಪೆಥಾಲಜಿ ವಿಭಾಗಕ್ಕೆ ಬರುತ್ತದೆ ಅಂದುಕೊಳ್ಳಿ. ಹುಣಸೆ ಬೀಜಕ್ಕಿಂತ ಸ್ವಲ್ಪ ಚಿಕ್ಕದು, ಬೆಳ್ಳಗೆ, ಬೆರಳಲ್ಲಿ ಒತ್ತಿದರೆ ರಬ್ಬರಿನಂತೆ ಗಟ್ಟಿ. ಜೊತೆಗಿರುವ ಚೀಟಿಯಲ್ಲಿ ಎರಡೇ ಸಾಲು: ‘ಬಲ ಅಂಗಾಲಿನಲ್ಲಿ ಗಂಟು, ನಾಲ್ಕು ತಿಂಗಳಿಂದ. ಆಗಾಗ ಸೋರುತ್ತದೆ.’ ಬ್ಲೇಡಿನಿಂದ ಮಧ್ಯಕ್ಕೆ ಸೀಳಿದಾಗ ಒಳಗೆ ಕಂದು ಬಣ್ಣದ, ಕಡ್ಡಿಯಂಥ ಒಂದು ಚೂರು ಕಾಣುತ್ತದೆ. ಅದರ ಸುತ್ತ ತೆಳುವಾದ ಹಳದಿ ಪದರ, ಅದರಾಚೆ ಬಿಳಿ ನಾರು.

ನಾಲ್ಕು ತಿಂಗಳ ಹಿಂದೆ ಹೊಲದ ಬದುವಿನ ಮೇಲೆ ನಡೆಯುವಾಗ ಹವಾಯಿ ಚಪ್ಪಲಿಯನ್ನೂ ತೂರಿಕೊಂಡು ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿತ್ತು. ಎಳೆದು ತೆಗೆದರು, ಆದರೆ ತುದಿ ಮುರಿದು ಒಳಗೇ ಉಳಿಯಿತು. ಮಾರನೆಯ ದಿನ ಕಾಲು ಊದಿತು, ಕೀವಾಯಿತು, ಒಡೆಯಿತು, ಮಾತ್ರೆ ತಿಂದಾಗ ಇಳಿಯಿತು. ಮತ್ತೆ ಊದಿತು. ಕೊನೆಗೆ ನೋವು ಅಷ್ಟಿಲ್ಲದ, ಆದರೆ ಹೋಗದ ಒಂದು ಗಂಟು ಉಳಿಯಿತು. ಬಯಲುಸೀಮೆಯಲ್ಲಿ ಕೆಲಸ ಮಾಡುವ ಯಾವ ವೈದ್ಯರಿಗೂ ಈ ಕಥೆ ಹೊಸದಲ್ಲ.

ತೀವ್ರ ಉರಿಯೂತ ಎಂದರೆ ಕೆಲವು ದಿನದ್ದು, ದೀರ್ಘಕಾಲಿಕ ಉರಿಯೂತ ಎಂದರೆ ವಾರ, ತಿಂಗಳುಗಳದ್ದು ಎಂದು ನಾವೆಲ್ಲ ಓದಿರುತ್ತೇವೆ. ಅದು ತಪ್ಪಲ್ಲ. ಆದರೆ ಸ್ಲೈಡ್ ನೋಡುವವರು ದಿನ ಎಣಿಸುವುದಿಲ್ಲ, ಅಲ್ಲಿ ಯಾವ ಕೋಶಗಳು ನಿಂತಿವೆ ಎಂದು ನೋಡುತ್ತಾರೆ. ಒಂದು ಬಗೆಯ ಕೋಶ ಹೋಗಿ ಇನ್ನೊಂದು ಬಗೆಯದು ಬರುವುದು ಏಕೆ, ಬಂದದ್ದು ಹಿಂದಿರುಗದೆ ಉಳಿಯುವುದು ಏಕೆ ಎಂಬುದು ತಿಳಿದರೆ ‘ಹಳತಾಗುವುದು’ ಎಂದರೇನೆಂದು ತಿಳಿದಂತೆ. ಅದಕ್ಕೆ ಮುಳ್ಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಶಾಸ್ತ್ರದ ಆರಂಭದಲ್ಲೂ ಒಂದು ಮುಳ್ಳಿದೆ. 1882ರಲ್ಲಿ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್ ಇಟಲಿಯ ಮೆಸ್ಸಿನಾದಲ್ಲಿದ್ದಾಗ ನಕ್ಷತ್ರಮೀನಿನ ಮರಿಗಳಿಗೆ ಗುಲಾಬಿ ಮುಳ್ಳು ಚುಚ್ಚಿ ಇಟ್ಟರು. ಆ ಮರಿಗಳು ಗಾಜಿನಂತೆ ಪಾರದರ್ಶಕವಾಗಿರುವುದರಿಂದ ಒಳಗೆ ನಡೆಯುವುದು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಅಲೆದಾಡುವ ಕೋಶಗಳು ಬಂದು ಮುಳ್ಳನ್ನು ಮುತ್ತಿಕೊಂಡಿದ್ದವು. ನುಂಗುವ ಕೋಶಗಳು ದೇಹವನ್ನು ಕಾಯುತ್ತವೆ ಎಂಬ ಅವರ ವಾದ ಅಲ್ಲಿಂದ ಬೆಳೆಯಿತು. 1908ರಲ್ಲಿ ಪಾಲ್ ಎರ್ಲಿಕ್ ಅವರೊಂದಿಗೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ನಕ್ಷತ್ರಮೀನಿಗೆ ನಮ್ಮಂತೆ ರಕ್ತನಾಳದ ಜಾಲವಿಲ್ಲ, ಕೋಶಗಳು ಅಲ್ಲೇ ಓಡಾಡಿಕೊಂಡಿರುತ್ತವೆ. ನಮ್ಮಲ್ಲಿ ಅವು ರಕ್ತದಲ್ಲಿ ಹರಿಯುತ್ತಿರುತ್ತವೆ. ಹಾಗಾಗಿ ಹರಿಯುವ ಕೋಶವನ್ನು ತಡೆದು ನಿಲ್ಲಿಸಿ ನಾಳದಿಂದ ಹೊರಗೆ ತರುವ ಕೆಲಸ ಮೊದಲು ಆಗಬೇಕು.

ಮುಳ್ಳು ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಅದು ಶುರುವಾಗುತ್ತದೆ. ಚರ್ಮದಡಿ ಕಾದು ಕೂತಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಯುತ್ತವೆ. ಸಣ್ಣ ನಾಳಗಳು ಅಗಲವಾಗಿ ರಕ್ತ ಹೆಚ್ಚು ಬರುತ್ತದೆ, ಆದ್ದರಿಂದ ಕೆಂಪು, ಆದ್ದರಿಂದ ಬಿಸಿ. ನಾಳದ ಒಳಗೋಡೆಯ ಕೋಶಗಳ ನಡುವೆ ಬಿರುಕು ಬಿಟ್ಟು ಪ್ರೋಟೀನ್ ತುಂಬಿದ ನೀರು ಹೊರಗೆ ಸೋರುತ್ತದೆ, ಆದ್ದರಿಂದ ಊತ. ನೀರು ಹೊರಹೋದಂತೆ ನಾಳದೊಳಗಿನ ರಕ್ತ ಮಂದವಾಗಿ ನಿಧಾನವಾಗುತ್ತದೆ. ನಡುವೆ ಹರಿಯುತ್ತಿದ್ದ ಬಿಳಿ ರಕ್ತಕಣಗಳು ಆಗ ಗೋಡೆಯ ಬದಿಗೆ ಸರಿಯುತ್ತವೆ. ಗೋಡೆಯ ಮೇಲೆ ಸೆಲೆಕ್ಟಿನ್ ಎಂಬ ಅಂಟು ಅಣುಗಳು ಮೂಡಿರುತ್ತವೆ. ಅವು ಕಣವನ್ನು ಹಿಡಿಯುತ್ತವೆ, ಬಿಡುತ್ತವೆ, ಹಿಡಿಯುತ್ತವೆ, ಹೀಗಾಗಿ ಕಣ ಗೋಡೆಗುಂಟ ಉರುಳುತ್ತಾ ಸಾಗುತ್ತದೆ. ಆಮೇಲೆ ಇಂಟೆಗ್ರಿನ್ ಎಂಬ ಬಲವಾದ ಕೊಕ್ಕೆ ಸಿಕ್ಕಿ ಗಟ್ಟಿಯಾಗಿ ಅಂಟುತ್ತದೆ. ಕೊನೆಗೆ ಎರಡು ಕೋಶಗಳ ಸಂದಿಯಲ್ಲಿ ತನ್ನನ್ನು ತೆಳ್ಳಗೆ ಮಾಡಿಕೊಂಡು ನುಸುಳಿ ಆಚೆ ಬರುತ್ತದೆ. ಆಚೆ ಬಂದ ಮೇಲೆ ದಾರಿ ತೋರಿಸುವುದು ವಾಸನೆಯಂಥ ರಾಸಾಯನಿಕಗಳು: ಬ್ಯಾಕ್ಟೀರಿಯಾ ಬಿಟ್ಟ ಪ್ರೋಟೀನ್ ತುಣುಕು, ರಕ್ತದ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನಿನ ಚೂರು, ಗಾಯಗೊಂಡ ಕೋಶಗಳ ಸಂದೇಶ. ಅವು ಎತ್ತ ದಟ್ಟವಾಗಿವೆಯೋ ಅತ್ತ ಕಣ ತೆವಳುತ್ತದೆ.

ಹೀಗೆ ಮೊದಲು ಬರುವುದು ನ್ಯೂಟ್ರೋಫಿಲ್. ಸುಮಾರು 6ರಿಂದ 24 ಗಂಟೆಯ ಹೊತ್ತಿಗೆ ಆ ಅಂಗಾಲಿನಿಂದ ತುಣುಕು ತೆಗೆದು ನೋಡಿದ್ದರೆ ಎಲ್ಲೆಲ್ಲೂ ಅವೇ. ಮೂರು ನಾಲ್ಕು ಹಾಲೆಗಳಾಗಿ ಒಡೆದಂತೆ ಕಾಣುವ ನೀಲಿ ಕೇಂದ್ರ, ಸುತ್ತ ತಿಳಿ ಗುಲಾಬಿ ಬಣ್ಣ, ಗುರುತು ಹಿಡಿಯಲು ಕಷ್ಟವೇ ಇಲ್ಲ. ಇವು ಮೊದಲು ಬರಲು ಕಾರಣ ಸರಳ. ರಕ್ತದಲ್ಲಿ ಅರ್ಧಕ್ಕೂ ಹೆಚ್ಚು ಬಿಳಿ ಕಣಗಳು ಇವೇ, ಮೂಳೆಯ ಮಜ್ಜೆಯಲ್ಲಿ ಇನ್ನೂ ದೊಡ್ಡ ದಾಸ್ತಾನಿರುತ್ತದೆ, ಮತ್ತು ಗೋಡೆಯ ಮೇಲೆ ಮೊದಲು ಮೂಡುವ ಅಂಟಿಗೆ ಇವು ಚೆನ್ನಾಗಿ ಅಂಟುತ್ತವೆ. ಬ್ಯಾಕ್ಟೀರಿಯಾವನ್ನು ನುಂಗುತ್ತವೆ, ಕಿಣ್ವಗಳನ್ನೂ ಸುಡುವ ಆಮ್ಲಜನಕದ ಸಂಯುಕ್ತಗಳನ್ನೂ ಸುರಿಯುತ್ತವೆ. ಆ ಕಿಣ್ವಗಳಿಗೆ ತನ್ನವರು, ಹೊರಗಿನವರು ಎಂಬ ಭೇದವಿಲ್ಲ. ಸುತ್ತಲ ನಮ್ಮದೇ ಅಂಗಾಂಶವೂ ಕರಗುತ್ತದೆ. ಕರಗಿದ ಅಂಗಾಂಶ, ಸತ್ತ ನ್ಯೂಟ್ರೋಫಿಲ್, ಸತ್ತ ಹಾಗೂ ಬದುಕಿದ ಬ್ಯಾಕ್ಟೀರಿಯಾ, ಎಲ್ಲ ಸೇರಿದ ಗೊಜ್ಜೇ ಕೀವು.

ನ್ಯೂಟ್ರೋಫಿಲ್‌ಗೆ ಆಯಸ್ಸಿಲ್ಲ. ಅಂಗಾಂಶಕ್ಕೆ ಇಳಿದ ಮೇಲೆ ಒಂದೆರಡು ದಿನ, ಅಷ್ಟೇ. ಬೇಗ ಬಂದು, ಬೇಗ ಹೊಡೆದಾಡಿ, ಬೇಗ ಸಾಯಲಿಕ್ಕೆಂದೇ ಮಾಡಿದ ಕೋಶ ಅದು. ಹಾಗಾಗಿ ಎರಡನೆಯ ದಿನದ ಹೊತ್ತಿಗೆ ಹೆಣಗಳ ರಾಶಿ ಬಿದ್ದಿರುತ್ತದೆ. ಉರಿಯೂತ ಮುಗಿಯುತ್ತದೋ ಹಳತಾಗುತ್ತದೋ ಎಂಬುದು ಈ ಹೆಣಗಳಿಗೆ ಏನಾಗುತ್ತದೆ ಎಂಬುದರ ಮೇಲೆ ಬಹುಮಟ್ಟಿಗೆ ನಿಂತಿದೆ.

ಅವನ್ನು ಎತ್ತಲು ಬರುವುದು ಮಾನೋಸೈಟ್. ರಕ್ತದಲ್ಲಿ ಇವು ನೂರಕ್ಕೆ ಐದಾರು ಮಾತ್ರ, ನಿಧಾನವಾಗಿ ಬರುತ್ತವೆ. ಆದರೆ 24ರಿಂದ 48 ಗಂಟೆಯ ಹೊತ್ತಿಗೆ ಸಂಖ್ಯೆಯಲ್ಲಿ ನ್ಯೂಟ್ರೋಫಿಲ್‌ಗಳನ್ನು ಹಿಂದಿಕ್ಕತೊಡಗುತ್ತವೆ. ಅಂಗಾಂಶಕ್ಕೆ ಇಳಿದ ಮೇಲೆ ಇವುಗಳ ಹೆಸರು ಮ್ಯಾಕ್ರೋಫೇಜ್. ಮೈ ದೊಡ್ಡದಾಗುತ್ತದೆ, ಆಯಸ್ಸು ವಾರ, ತಿಂಗಳುಗಳವರೆಗೆ ಬೆಳೆಯುತ್ತದೆ. ಈ ಕೋಶದ ಮೇಲೆ ನನಗೆ ವಿಶೇಷ ಗೌರವ, ಏಕೆಂದರೆ ಇಡೀ ಕಥೆ ತಿರುಗುವುದು ಇದರ ಮೇಲೆಯೇ.

ಸಾಮಾನ್ಯವಾಗಿ ನ್ಯೂಟ್ರೋಫಿಲ್ ಅಚ್ಚುಕಟ್ಟಾಗಿ ಸಾಯುತ್ತದೆ. ಒಡೆಯದೆ, ಒಳಗಿನ ಕಿಣ್ವ ಚೆಲ್ಲದೆ, ಮುದುಡಿಕೊಂಡು, ‘ನನ್ನನ್ನು ತಿನ್ನು’ ಎಂಬ ಗುರುತನ್ನು ಮೈಮೇಲೆ ತೋರಿಸುತ್ತದೆ. ಮ್ಯಾಕ್ರೋಫೇಜ್ ಅದನ್ನು ಹಾಗೇ ನುಂಗುತ್ತದೆ. ನುಂಗಿದ್ದೇ ತಡ, ಅದರ ನಡತೆ ಬದಲಾಗುತ್ತದೆ: ಜನ ಕರೆಯುವುದನ್ನು ನಿಲ್ಲಿಸಿ ಐಎಲ್-10, ಟಿಜಿಎಫ್-ಬೀಟಾ ಎಂಬ ಶಮನದ ಸಂದೇಶಗಳನ್ನು ಬಿಡುತ್ತದೆ. ಇದೇ ಹೊತ್ತಿಗೆ ಮೊದಲ ದಿನ ನ್ಯೂಟ್ರೋಫಿಲ್‌ಗಳನ್ನು ಕರೆಯುತ್ತಿದ್ದ ಲ್ಯೂಕೋಟ್ರೈನ್ ಎಂಬ ಕೊಬ್ಬಿನ ಅಣುಗಳು ಕಡಿಮೆಯಾಗಿ, ಅವೇ ಮೂಲವಸ್ತುವಿನಿಂದ ಬರುವಿಕೆಯನ್ನು ತಡೆಯುವ ಲಿಪಾಕ್ಸಿನ್‌ಗಳು ತಯಾರಾಗುತ್ತವೆ. ಉರಿಯೂತ ತಾನಾಗಿ ಆರಿಹೋಗುವ ಬೆಂಕಿಯಲ್ಲ, ಅದನ್ನು ಆರಿಸುವ ಕೆಲಸವನ್ನು ದೇಹ ಬೇಕೆಂದೇ ಮಾಡುತ್ತದೆ. ಮುಳ್ಳು ಪೂರ್ತಿ ಹೊರಬಂದಿದ್ದರೆ ವಾರದೊಳಗೆ ಇಷ್ಟೂ ಮುಗಿದು ಚುಚ್ಚಿದ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ.

ಆದರೆ ಇಲ್ಲಿ ತುದಿ ಒಳಗಿದೆ. ಅದರ ಅಡ್ಡಗಲ ಒಂದು ಮಿಲಿಮೀಟರ್ ಇದ್ದರೂ ಒಂದು ನ್ಯೂಟ್ರೋಫಿಲ್‌ನ ಸುಮಾರು ನೂರು ಪಟ್ಟು. ಹಲ್ಲಿಯ ಮುಂದೆ ಹಲಸಿನಹಣ್ಣು ಇಟ್ಟಂತೆ. ಕೋಶ ಅದರ ಮೈಗೆ ಅಂಟಿಕೊಂಡು ನುಂಗಲು ನೋಡುತ್ತದೆ, ಆಗುವುದಿಲ್ಲ, ಒಳಗಿದ್ದ ಕಿಣ್ವವನ್ನೆಲ್ಲ ಹೊರಗೇ ಸುರಿಯುತ್ತದೆ. ಸುರಿದದ್ದರಿಂದ ಮುಳ್ಳು ಕರಗುತ್ತದೆಯೇ? ಇಲ್ಲ. ಮುಳ್ಳೆಂದರೆ ಸೆಲ್ಯುಲೋಸ್ ಮತ್ತು ಲಿಗ್ನಿನ್. ಅವನ್ನು ಒಡೆಯುವ ಕಿಣ್ವ ಮನುಷ್ಯನ ಯಾವ ಕೋಶದಲ್ಲೂ ಇಲ್ಲ. ಕರಗುವುದು ಸುತ್ತಲ ನಮ್ಮದೇ ಅಂಗಾಂಶ. ಜೊತೆಗೆ ಮುಳ್ಳಿನ ರಂಧ್ರಗಳಲ್ಲಿ ಮಣ್ಣಿನ, ಚರ್ಮದ ಬ್ಯಾಕ್ಟೀರಿಯಾ ಅಡಗಿರುತ್ತವೆ. ಅಲ್ಲಿ ರಕ್ತನಾಳವಿಲ್ಲ, ಆದ್ದರಿಂದ ರಕ್ತದಲ್ಲಿ ಬರುವ ಆ್ಯಂಟಿಬಯಾಟಿಕ್ ಕೂಡ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಮಾತ್ರೆ ತಿಂದಾಗ ಇಳಿದು, ಮಾತ್ರೆ ಮುಗಿದಾಗ ಮರಳುತ್ತಿದ್ದುದರ ಗುಟ್ಟು ಇಷ್ಟೇ.

ಹೊಸ ನ್ಯೂಟ್ರೋಫಿಲ್‌ಗಳು ಬರುತ್ತಲೇ ಇರುತ್ತವೆ, ಸಾಯುತ್ತಲೇ ಇರುತ್ತವೆ. ಎತ್ತುವವರಿಗಿಂತ ಸಾಯುವವರು ಹೆಚ್ಚಾದರೆ ಹೆಣಗಳು ಕೊಳೆತು ಒಡೆಯುತ್ತವೆ, ಒಳಗಿನದ್ದು ಚೆಲ್ಲುತ್ತದೆ, ಆ ಚೆಲ್ಲಿದ್ದೇ ಮತ್ತೆ ಜನ ಕರೆಯುವ ಕೂಗಾಗುತ್ತದೆ. ಮ್ಯಾಕ್ರೋಫೇಜ್‌ಗೆ ಶಮನದ ಕಡೆ ತಿರುಗಲು ಬೇಕಾದ ಸೂಚನೆಯೂ ಸಿಗುತ್ತದೆ, ಹೊಡೆದಾಡಬೇಕೆಂಬ ಸೂಚನೆಯೂ ಸಿಗುತ್ತದೆ, ಎರಡೂ ಏಕಕಾಲಕ್ಕೆ. ದೀರ್ಘಕಾಲಿಕ ಉರಿಯೂತದ ಚಹರೆ ಅದೇ: ಒಂದೆಡೆ ಉರಿ, ಒಂದೆಡೆ ನಾಶ, ಪಕ್ಕದಲ್ಲೇ ದುರಸ್ತಿ, ಮೂರೂ ಒಟ್ಟಿಗೆ.

ಈ ಹಂತದಲ್ಲಿ ಮೂರನೆಯ ಬಳಗ ಬರುತ್ತದೆ, ಲಿಂಫೋಸೈಟ್‌ಗಳು. ಗುಂಡಗಿನ, ಕಡುನೀಲಿ ಕೇಂದ್ರವೇ ಕೋಶದ ತುಂಬ ತುಂಬಿಕೊಂಡಿರುವ ಸಣ್ಣ ಕೋಶಗಳು, ಸ್ಲೈಡಿನಲ್ಲಿ ಸಾಸಿವೆ ಚೆಲ್ಲಿದಂತೆ ಕಾಣುತ್ತವೆ. ಮುಳ್ಳು ಬರಿಯ ಗಾಜಿನ ಚೂರೋ ಹೊಲಿಗೆಯ ದಾರವೋ ಆಗಿದ್ದರೆ ಇವು ಕಡಿಮೆಯೇ. ಆದರೆ ಮುಳ್ಳು ಗಿಡದ ಪ್ರೋಟೀನನ್ನೂ ಬ್ಯಾಕ್ಟೀರಿಯಾವನ್ನೂ ಹೊತ್ತು ತಂದಿದೆ. ಆ ತುಣುಕುಗಳನ್ನು ತನ್ನ ಮೈಮೇಲೆ ಹಿಡಿದು ತೋರಿಸಿ ಟಿ ಲಿಂಫೋಸೈಟ್‌ಗಳನ್ನು ಎಚ್ಚರಿಸುವುದರಲ್ಲಿ ಮ್ಯಾಕ್ರೋಫೇಜ್‌ಗೂ ಪಾಲಿದೆ. ಎದ್ದ ಟಿ ಕೋಶ ಇಂಟರ್‌ಫೆರಾನ್-ಗಾಮಾ ಎಂಬ ಸಂದೇಶವನ್ನು ಬಿಡುತ್ತದೆ. ಅದು ತಗುಲಿದ ಮ್ಯಾಕ್ರೋಫೇಜ್ ಇನ್ನಷ್ಟು ಕೆರಳುತ್ತದೆ, ಟಿಎನ್ಎಫ್, ಐಎಲ್-12 ಎಂಬ ಕೆರಳಿಸುವ ಸಂದೇಶಗಳನ್ನು ಇನ್ನಷ್ಟು ಬಿಡುತ್ತದೆ, ಅದರಿಂದ ಇನ್ನಷ್ಟು ಟಿ ಕೋಶಗಳು ಬಂದು ಕೆರಳುತ್ತವೆ. ನೀನು ನನ್ನನ್ನು ಕೆಣಕು, ನಾನು ನಿನ್ನನ್ನು ಕೆಣಕುತ್ತೇನೆ ಎಂಬಂಥ ಈ ಸುತ್ತು ಒಮ್ಮೆ ಹಿಡಿದುಕೊಂಡರೆ ನ್ಯೂಟ್ರೋಫಿಲ್‌ಗಳ ಹಂಗಿಲ್ಲದೆ ತಿಂಗಳುಗಟ್ಟಲೆ ನಡೆಯಬಲ್ಲದು. ತೀವ್ರ ಉರಿಯೂತ ದೀರ್ಘಕಾಲಿಕವಾಯಿತು ಎಂದು ಬೆರಳಿಟ್ಟು ತೋರಿಸಬೇಕಾದರೆ ನಾನು ತೋರಿಸುವುದು ಈ ಜಾಗವನ್ನೇ.

ಬಿ ಲಿಂಫೋಸೈಟ್‌ಗಳಲ್ಲಿ ಕೆಲವು ಪ್ಲಾಸ್ಮಾ ಕೋಶಗಳಾಗಿ ಪ್ರತಿಕಾಯ ತಯಾರಿಸುತ್ತವೆ. ಕೇಂದ್ರ ಒಂದು ಪಕ್ಕಕ್ಕೆ ಸರಿದು, ಅದರೊಳಗೆ ಗಾಡಿಚಕ್ರದ ಅರೆಗಳಂತೆ ಗೆರೆಗಳು. ಸ್ಲೈಡಿನಲ್ಲಿ ಪ್ಲಾಸ್ಮಾ ಕೋಶಗಳು ಧಾರಾಳವಾಗಿ ಕಂಡರೆ ಇದು ನಿನ್ನೆ ಮೊನ್ನೆಯದಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಇತ್ತ ನುಂಗಲಾಗದ ಮುಳ್ಳಿನ ಮುಂದೆ ಮ್ಯಾಕ್ರೋಫೇಜ್‌ಗಳು ಇನ್ನೊಂದು ದಾರಿ ಹಿಡಿಯುತ್ತವೆ. ಹತ್ತಾರು ಕೋಶಗಳು ತಮ್ಮ ಪೊರೆಗಳನ್ನು ಕೂಡಿಸಿಕೊಂಡು ಒಂದರೊಳಗೊಂದು ಬೆಸೆದು ದೈತ್ಯಕೋಶವಾಗುತ್ತವೆ. ಒಂದೇ ಗುಲಾಬಿ ಮೈ, ಅದರೊಳಗೆ ಇಪ್ಪತ್ತು ಮೂವತ್ತು ಕೇಂದ್ರಗಳು ಅಲ್ಲಲ್ಲಿ ಚದುರಿಕೊಂಡು. ಕ್ಷಯದ ಗಂಟಿನಲ್ಲಿ ಕಾಣುವ ಲಾಂಗ್‌ಹ್ಯಾನ್ಸ್ ದೈತ್ಯಕೋಶದಲ್ಲಿ ಕೇಂದ್ರಗಳು ಅಂಚಿನಲ್ಲಿ ಕುದುರೆ ಲಾಳದಂತೆ ಜೋಡಿಸಿಕೊಂಡಿರುತ್ತವೆ. ಹೊರವಸ್ತುವಿನ ದೈತ್ಯಕೋಶದಲ್ಲಿ ಆ ಶಿಸ್ತಿಲ್ಲ. ಆದರೆ ಈ ಒಂದೇ ಗುರುತನ್ನು ನೆಚ್ಚಿ ತೀರ್ಮಾನ ಕೊಡಬಾರದು, ಎರಡೂ ಬಗೆ ಎರಡೂ ಕಡೆ ಸಿಗುತ್ತವೆ.

ಈಗ ಆ ಬಿಳಿಯ ತುಣುಕಿನ ಸ್ಲೈಡಿಗೆ ಕಣ್ಣು ಹಾಕಬಹುದು. ಕಡಿಮೆ ವರ್ಧನೆಯಲ್ಲೇ ಉಂಗುರದೊಳಗೆ ಉಂಗುರ ಕಾಣುತ್ತದೆ. ನಟ್ಟನಡುವೆ ಕಂದು ಬಣ್ಣದ, ಜೇನುಗೂಡಿನಂತೆ ಸಾಲುಸಾಲು ಗೂಡುಗಳಿರುವ ಮುಳ್ಳಿನ ಅಡ್ಡಸೀಳು. ಅದಕ್ಕೆ ತಾಗಿಕೊಂಡು ನ್ಯೂಟ್ರೋಫಿಲ್‌ಗಳ ಕೀವಿನ ತೆಳು ಪದರ. ಬ್ಲೇಡಿನಲ್ಲಿ ಸೀಳಿದಾಗ ಕಂಡ ಹಳದಿ ಅದೇ. ಆಮೇಲೆ ಮ್ಯಾಕ್ರೋಫೇಜ್‌ಗಳೂ ದೈತ್ಯಕೋಶಗಳೂ, ಅದರಾಚೆ ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕೋಶಗಳ ನೀಲಿ ಪಟ್ಟಿ. ಎಲ್ಲಕ್ಕೂ ಹೊರಗೆ ಎಳೆಯ ರಕ್ತನಾಳಗಳು, ಅವುಗಳ ಸುತ್ತ ನಾರುಕೋಶಗಳು ಹೆಣೆದ ಕೊಲಾಜೆನ್ ಕವಚ. ಬೆರಳಿಗೆ ರಬ್ಬರಿನಂತೆ ಸಿಕ್ಕಿದ್ದು ಈ ಕವಚ. ಒಳಗಿನಿಂದ ಹೊರಕ್ಕೆ ಹೋದಂತೆ ಮೊದಲ ದಿನದಿಂದ ನಾಲ್ಕನೆಯ ತಿಂಗಳಿನವರೆಗೆ ನಡೆದು ಬಂದಂತಾಗುತ್ತದೆ. ಪೋಲರೈಸ್ಡ್ ಬೆಳಕು ಹಾಕಿದರೆ ಕತ್ತಲ ಹಿನ್ನೆಲೆಯಲ್ಲಿ ಮುಳ್ಳಿನ ಸೆಲ್ಯುಲೋಸ್ ಬೆಳ್ಳಗೆ ಹೊಳೆಯುತ್ತದೆ. ದೈತ್ಯಕೋಶದ ಹೊಟ್ಟೆಯಲ್ಲಿ ಸಿಕ್ಕಿಕೊಂಡ, ಮಾಮೂಲಿ ಬೆಳಕಿನಲ್ಲಿ ಕಣ್ಣಿಗೇ ಬೀಳದ ಪುಟ್ಟ ಸಿಬಿರುಗಳೂ ಆಗ ಮಿನುಗುತ್ತವೆ. ಎಷ್ಟು ಸಲ ನೋಡಿದರೂ ಆ ಕ್ಷಣ ನನಗೆ ಹಳತಾಗಿಲ್ಲ.

ನಾಲ್ಕು ತಿಂಗಳಾದರೂ ನಡುವೆ ನ್ಯೂಟ್ರೋಫಿಲ್ ಇದೆಯಲ್ಲ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಂದ ಪ್ರತಿ ಸಲ ಬರುತ್ತದೆ. ಬರಲೇಬೇಕಾದ ಪ್ರಶ್ನೆ. ಒಂದು ಹಂತ ಮುಗಿದು ಇನ್ನೊಂದು ಶುರುವಾಗುವ ರೈಲು ನಿಲ್ದಾಣಗಳಲ್ಲ ಇವು. ಕೀವು ಹುಟ್ಟಿಸುವ ಕಾರಣ ಜೀವಂತವಿದ್ದರೆ ನ್ಯೂಟ್ರೋಫಿಲ್ ಬರುತ್ತಲೇ ಇರುತ್ತದೆ, ಹಳೆಯ ಉರಿಯೂತದ ಹಿನ್ನೆಲೆಯಲ್ಲಿ ಹೊಸತು ಉರಿಯುತ್ತಿರುತ್ತದೆ. ಮೂಳೆಯ ಹಳೇ ಸೋಂಕಿನಲ್ಲೂ ಹೆಲಿಕೋಬ್ಯಾಕ್ಟರ್ ಪೈಲೋರಿ ಸೇರಿಕೊಂಡ ಜಠರದಲ್ಲೂ ಹೀಗೆಯೇ. ಬಯಾಪ್ಸಿ ವರದಿಯಲ್ಲಿ ‘ಕ್ರಾನಿಕ್ ಆ್ಯಕ್ಟಿವ್’ ಎಂದು ಬರೆದಿದ್ದರೆ ಅದರರ್ಥ ಲಿಂಫೋಸೈಟ್, ಪ್ಲಾಸ್ಮಾ ಕೋಶಗಳ ನಡುವೆ ನ್ಯೂಟ್ರೋಫಿಲ್‌ಗಳೂ ಕಂಡವು ಎಂದು. ರೋಗ ಜೋರಾಗಿದೆ, ಅಪಾಯವಿದೆ ಎಂದಲ್ಲ. ಈ ಪದ ನೋಡಿ ನಿದ್ದೆಗೆಟ್ಟವರನ್ನು ಕಂಡಿದ್ದೇನೆ, ಅದಕ್ಕಾಗಿ ಹೇಳಿದೆ.

ಮುಳ್ಳಿನ ಕಥೆಯನ್ನು ಎಲ್ಲ ರೋಗಕ್ಕೂ ಹೊಂದಿಸಲು ಹೋಗಬಾರದು. ವೈರಸ್ ಸೋಂಕಿನಲ್ಲಿ ಮೊದಲಿಂದಲೇ ಲಿಂಫೋಸೈಟ್ ಮುಂದಿರುವುದುಂಟು. ಟೈಫಾಯ್ಡ್‌ನಲ್ಲಿ ಕರುಳಿನ ಹುಣ್ಣು ಎಷ್ಟೇ ಹೊಸದಾದರೂ ಅಲ್ಲಿ ಮ್ಯಾಕ್ರೋಫೇಜ್‌ಗಳದ್ದೇ ಮೇಲುಗೈ, ನ್ಯೂಟ್ರೋಫಿಲ್ ವಿರಳ. ಅಲರ್ಜಿಯಲ್ಲೂ ಜಂತುಹುಳುವಿನ ಸೋಂಕಿನಲ್ಲೂ ಇಯೋಸಿನೋಫಿಲ್ ಎದ್ದು ಕಾಣುತ್ತದೆ. ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಹೊಕ್ಕಲ್ಲಿ ನ್ಯೂಟ್ರೋಫಿಲ್‌ಗಳು ಎರಡು ದಿನಕ್ಕೆ ಹಿಂದೆ ಸರಿಯದೆ ಹಲವು ದಿನ ನಿಲ್ಲುತ್ತವೆ. ಕ್ಷಯ, ಸಂಧಿವಾತ, ಕಲ್ಲುಪುಡಿ ಉಸಿರಾಡಿ ಬರುವ ಸಿಲಿಕೋಸಿಸ್ ಮುಂತಾದವು ಮೊದಲ ಅಬ್ಬರವೇ ಇಲ್ಲದೆ ಸದ್ದಿಲ್ಲದೆ ದೀರ್ಘಕಾಲಿಕವಾಗಿಯೇ ಶುರುವಾಗುತ್ತವೆ. ಅಲ್ಲಿ ‘ತೀವ್ರದ್ದು ಹಳತಾಯಿತು’ ಎನ್ನುವ ಮಾತೇ ಸಲ್ಲದು.

ಅಂಗಾಲಿನ ಗಂಟಿನಲ್ಲಿ ಮುಳ್ಳು ಕಣ್ಣಿಗೆ ಬಿದ್ದರೂ ನಾವು ಅಲ್ಲಿಗೇ ನಿಲ್ಲುವುದಿಲ್ಲ. ಮುಳ್ಳಿನ ಜೊತೆ ಮಣ್ಣಿನ ಶಿಲೀಂಧ್ರವೂ ಒಳಹೊಕ್ಕಿರಬಹುದು. ವರ್ಷಗಟ್ಟಲೆ ಕಾಲನ್ನು ತಿನ್ನುವ ಮದುರಾ ಕಾಲಿನ ರೋಗವೂ ಹೀಗೆಯೇ ಚುಚ್ಚಿದ ಗಾಯದಿಂದ ಶುರುವಾಗಿ ಗಂಟು, ಸೋರುವ ತೂತು ಎಂದೇ ಮೊದಲು ಕಾಣಿಸುತ್ತದೆ. ಅದರಲ್ಲಿ ಸೋರಿಕೆಯೊಂದಿಗೆ ರವೆಯಂಥ ಕಾಳು ಹೊರಬರುತ್ತವೆ, ಸ್ಲೈಡಿನಲ್ಲಿ ಆ ಕಾಳುಗಳ ಸುತ್ತ ಇದೇ ಉಂಗುರಗಳಿರುತ್ತವೆ. ಅದಕ್ಕಾಗಿ ಶಿಲೀಂಧ್ರಕ್ಕೆ ಪಿಎಎಸ್ ಬಣ್ಣ, ಕ್ಷಯದ ಬಗೆಯ ಬ್ಯಾಕ್ಟೀರಿಯಾಕ್ಕೆ ಝೀಲ್-ನೀಲ್ಸನ್ ಬಣ್ಣ ಹಾಕಿ ನೋಡುತ್ತೇವೆ. ನಮ್ಮ ಈ ಉದಾಹರಣೆಯಲ್ಲಿ ಎರಡರಲ್ಲೂ ಏನೂ ಸಿಗಲಿಲ್ಲ ಎಂದಿಟ್ಟುಕೊಳ್ಳೋಣ.

ನಾಲ್ಕು ತಿಂಗಳು ಇದು ಪತ್ತೆಯಾಗದಿರಲು ಕಾರಣವಿದೆ. ಎಕ್ಸ್‌ರೇಯಲ್ಲಿ ಮೊಳೆ ಕಾಣುತ್ತದೆ, ಕಟ್ಟಿಗೆಯ ಚೂರು ಸಾಮಾನ್ಯವಾಗಿ ಕಾಣುವುದಿಲ್ಲ. ‘ಎಕ್ಸ್‌ರೇ ತೆಗೆಸಿದೆವು, ಏನೂ ಇಲ್ಲ ಅಂದರು’ ಎಂಬ ಮಾತು ಅಲ್ಲಿಂದ ಬರುತ್ತದೆ. ಅಲ್ಟ್ರಾಸೌಂಡಿನಲ್ಲಿ ಅದೇ ಚೂರು ಬೆಳ್ಳನೆಯ ಗೆರೆಯಾಗಿ, ಹಿಂದೆ ನೆರಳು ಬಿಟ್ಟುಕೊಂಡು ಕಾಣುತ್ತದೆ. ಮುಳ್ಳು ಚುಚ್ಚಿದ ನೆನಪಿದ್ದು, ಅದೇ ಜಾಗ ಮಾತ್ರೆಗೆ ಇಳಿದು ಮತ್ತೆ ಮತ್ತೆ ಊದುತ್ತಿದ್ದರೆ ಮೂರನೆಯ ಸುತ್ತಿನ ಮಾತ್ರೆಗೆ ಮೊದಲು ಅಲ್ಟ್ರಾಸೌಂಡ್ ಕೇಳಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರಿಗೆ ಚುಚ್ಚಿದ್ದೇ ನೆನಪಿರುವುದಿಲ್ಲ. ಅವರ ಪಾದವನ್ನು ಮನೆಯವರು ನೋಡಬೇಕಾಗುತ್ತದೆ.

ಶಸ್ತ್ರಚಿಕಿತ್ಸಕರಿಗೆ ವರದಿ ಬರೆಯುವಾಗ ಮುಖ್ಯ ಸಾಲು ಒಂದೇ: ಮುಳ್ಳಿನ ಚೂರು ಕವಚದೊಳಗೆ ಪೂರ್ತಿ ಇದೆಯೇ, ಕತ್ತರಿಸಿದ ಅಂಚಿನವರೆಗೂ ಸಿಬಿರುಗಳು ಹರಡಿವೆಯೇ. ಅಂಚಿನಲ್ಲೂ ಮಿನುಗುವ ಸಿಬಿರು ಕಂಡರೆ ಕಾಲಿನಲ್ಲಿ ಇನ್ನೂ ಉಳಿದಿರಬಹುದು, ಸೋರಿಕೆ ಮರಳಬಹುದು ಎಂದು ಫೋನ್ ಮಾಡಿಯೂ ಹೇಳುತ್ತೇವೆ. ಅಂಚು ಶುದ್ಧವಾಗಿದ್ದರೆ ಕರೆಯುವ ಕಾರಣವೇ ಇಲ್ಲದಂತಾಗಿ ಮೊದಲು ನ್ಯೂಟ್ರೋಫಿಲ್‌ಗಳ ಬರವು ನಿಲ್ಲುತ್ತದೆ, ಕೆಲವು ದಿನಗಳಲ್ಲಿ ಸೋರಿಕೆ ಒಣಗುತ್ತದೆ. ತೋರಿಸಲು ತುಣುಕಿಲ್ಲದ ಮೇಲೆ ಮ್ಯಾಕ್ರೋಫೇಜ್, ಲಿಂಫೋಸೈಟ್‌ಗಳ ಪರಸ್ಪರ ಕೆಣಕಾಟ ವಾರಗಳಲ್ಲಿ ತಣಿಯುತ್ತದೆ. ನಾರುಕೋಶಗಳು ಹೆಣೆದ ಕೊಲಾಜೆನ್ ಮಾತ್ರ ಪೂರ್ತಿ ಹೋಗುವುದಿಲ್ಲ. ಗಾಯ ಮಾಗಿದ ಎಷ್ಟೋ ತಿಂಗಳ ಮೇಲೂ ಬರಿಗಾಲಲ್ಲಿ ಕಲ್ಲಿನ ಮೇಲೆ ಹೆಜ್ಜೆ ಇಟ್ಟಾಗ ಅಲ್ಲೊಂದು ಗಟ್ಟಿ ಚುಕ್ಕೆ ಒತ್ತುತ್ತದೆ.